ಏಳು ಕೆರೆಗಳ ನಾಡಿಗೆ ಕೈಪಿಡಿ ಬರೆದ ಬಗೆ

ಅನಿಮೇಷನ್ ಸರಣಿಯೊಂದಕ್ಕೆ ಕಾಲ್ಪನಿಕ ನಾಡನ್ನು ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಸುಬಿನಲ್ಲಿ ಇದನ್ನು ಬೈಬಲ್ ಎನ್ನುತ್ತಾರೆ. ಚಿತ್ರಕಥೆ ಬರೆಯುವವರು, ಸ್ಟೋರಿಬೋರ್ಡ್ ಮಾಡುವವರು, ಹಿನ್ನೆಲೆ ಬಿಡಿಸುವವರು, ದನಿ ಕೊಡುವವರು ಎಲ್ಲರೂ ಸಂದೇಹ ಬಂದಾಗ ತೆರೆದು ನೋಡುವ ಕೈಪಿಡಿ ಅದು. ನಾನು ಆರಿಸಿಕೊಂಡದ್ದು ಕೋಲಾರದ ಕಡೆಯ ಕೆರೆಸಾಲುಗಳನ್ನು. ಅಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ತೆಗೆದು ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವ ಹೊಣೆ ನೀರಗಂಟಿಯದು. ಈ ವ್ಯವಸ್ಥೆಯ ಮೇಲೆ ಒಂದೇ ಒಂದು ಮಾಯೆಯನ್ನು ಇಟ್ಟೆ: ಕೆರೆಯ ಮೇಲೆ ಬಾಗಿ ಆಡಿದ ಮಾತು ನೀರಿನಲ್ಲಿ ಉಳಿಯುತ್ತದೆ, ಮತ್ತು ಆ ನೀರನ್ನು ಕುಡಿದವರಿಗೆ ಒಂದು ಬಾರಿ ಕೇಳಿಸುತ್ತದೆ.

ನಿಯಮದ ಪುಟಕ್ಕೆ ನಾನು ನಾಲ್ಕು ಸಾಲುಗಳ ಕಟ್ಟು ಹಾಕಿಕೊಂಡಿದ್ದೆ. ಏನಾಗುತ್ತದೆ, ಏನಾಗುವುದಿಲ್ಲ, ಯಾರು ಏನನ್ನು ತೆರಬೇಕು, ತೆರೆಯ ಮೇಲೆ ಅದು ಹೇಗೆ ಕಾಣುತ್ತದೆ. ಎರಡನೆಯ ಸಾಲಿನಲ್ಲಿ ಮಾತು ತಾನಾಗಿ ಮೇಲಕ್ಕೆ ಹೋಗದು, ಕಾಯಿಸಿದ ನೀರಿನಲ್ಲಿ ಉಳಿಯದು ಎಂದು ಬರೆದೆ. ಮೂರನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ನೀರಿಗೆ ಕೊಟ್ಟ ಮಾತನ್ನು ಆಡಿದವರೇ ಮರೆತುಬಿಡುತ್ತಾರೆ ಎಂದು ಕೊನೆಗೆ ನಿಶ್ಚಯಿಸಿದೆ. ಈ ಬೆಲೆ ಇಲ್ಲದಿದ್ದರೆ ಇಡೀ ನಾಡು ಬರೀ ಅಂಚೆ ಇಲಾಖೆಯಾಗುತ್ತಿತ್ತು. ಬೆಲೆ ಇರುವುದರಿಂದ ಪ್ರತಿ ಪಾತ್ರವೂ ಬಾಯಿ ತೆರೆಯುವ ಮುನ್ನ ಯೋಚಿಸಬೇಕಾಗುತ್ತದೆ, ಮತ್ತು ಆ ಯೋಚನೆಯೇ ದೃಶ್ಯವಾಗುತ್ತದೆ.

ನಕ್ಷೆಯ ಸರದಿ ಬಂದಾಗ ಮೇಲಿನಿಂದ ನೋಡಿದಂತೆ ಬಿಡಿಸುವ ಬದಲು ಬೆಟ್ಟವನ್ನು ಪಕ್ಕದಿಂದ ಸೀಳಿ ತೋರಿಸುವ ಚಿತ್ರವನ್ನು ಮೊದಲು ಬಿಡಿಸಿದೆ. ಮಾತು ಎತ್ತರದಿಂದ ತಗ್ಗಿಗೆ ಹರಿಯುವ ನಾಡಿನಲ್ಲಿ ಯಾವ ಊರು ಯಾವ ಊರಿಗಿಂತ ಮೇಲಿದೆ ಎಂಬುದೇ ಮುಖ್ಯ. ಏಳು ಕೆರೆಗಳು ಏಳು ಮೆಟ್ಟಿಲುಗಳಾಗಿ ಕಂಡ ಕೂಡಲೇ ಮೇಲಿನವರ ಗುಟ್ಟುಗಳೆಲ್ಲ ಕೆಳಗಿನವರಿಗೆ ತಿಳಿದಿರುತ್ತವೆ, ಕೆಳಗಿನವರ ಕಷ್ಟ ಮೇಲಿನವರಿಗೆ ತಲುಪುವುದೇ ಇಲ್ಲ ಎಂಬ ಸಮಾಜದ ಆಕಾರ ತಾನಾಗಿ ಹೊರಬಿತ್ತು. ಹಿನ್ನೆಲೆ ಕಲಾವಿದರಿಗೂ ಇದರಿಂದ ಸುಲಭವಾಯಿತು: ಮೇಲಿನ ಕೆರೆಯ ನೀರು ಬಂಡೆಯ ನೆರಳಿನ ಕಪ್ಪುನೀಲಿ, ಇಳಿಯುತ್ತ ಹೋದಂತೆ ಹೂಳು ಬೆರೆತು ಏಳನೆಯದು ಕೆಮ್ಮಣ್ಣಿನ ಬಣ್ಣ. ನೀರಿನ ಬಣ್ಣ ಕಂಡರೆ ಸಾಕು, ಎಷ್ಟು ಎತ್ತರದಲ್ಲಿದ್ದೇವೆ ಎಂದು ಪ್ರೇಕ್ಷಕರಿಗೆ ಗೊತ್ತಾಗುತ್ತದೆ.

ಆಚಾರಗಳ ಅಧ್ಯಾಯದಲ್ಲಿ ನಿಯಮದಿಂದ ಹುಟ್ಟದ ಹಬ್ಬವನ್ನಾಗಲಿ ಪದ್ಧತಿಯನ್ನಾಗಲಿ ಸೇರಿಸಲಿಲ್ಲ. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುವುದು ನಮ್ಮಲ್ಲಿ ರೂಢಿ. ಈ ನಾಡಿನಲ್ಲಿ ಅಪರಿಚಿತರಿಗೆ ಕಾಯಿಸಿ ಆರಿಸಿದ ನೀರನ್ನೇ ಕೊಡುತ್ತಾರೆ, ಏಕೆಂದರೆ ಹಸಿ ನೀರಿನಲ್ಲಿ ಯಾರ ಮಾತು ಸೇರಿದೆಯೋ ಹೇಳಲಾಗದು. ಹಸಿ ನೀರು ಕೊಟ್ಟರೆ ನಮ್ಮ ಗುಟ್ಟು ನಿಮಗೆ ತಿಳಿದರೂ ಅಡ್ಡಿಯಿಲ್ಲ ಎಂದರ್ಥ. ಒಂದು ದೃಶ್ಯದಲ್ಲಿ ಮುದುಕಿಯೊಬ್ಬಳು ಸೊಸೆಯನ್ನು ಕೇಳುತ್ತಾಳೆ: “ಬಂದವರಿಗೆ ಯಾವ ನೀರು ಕೊಟ್ಟೆ ಮಗಾ, ಕಾಯಿಸಿದ್ದೋ ಹಸೀದೋ?” ಸೊಸೆ, “ಹಸೀದೇ ಅತ್ತೆ” ಎನ್ನುತ್ತಾಳೆ. ವಿವರಣೆ ಬೇಕಿಲ್ಲದೆ ಆ ಮನೆಯ ಸಂಬಂಧಗಳು ಬದಲಾಗುತ್ತವೆ. ಹಾಗೆಯೇ ಮಳೆಗಾಲದಲ್ಲಿ ಕೆರೆ ಕೋಡಿ ಬೀಳುವ ಹಂತಕ್ಕೆ ಬಂದರೆ ಏರಿಯ ಮೇಲೆ ಯಾರೂ ಮಾತನಾಡುವುದಿಲ್ಲ. ತೂಬಿನ ಮಾತನ್ನು ನೀರಗಂಟಿ ತಡೆಯಬಲ್ಲ, ಕೋಡಿಯ ಮಾತನ್ನು ಯಾರೂ ತಡೆಯಲಾರರು.

ಚಿತ್ರಕಥೆಯ ಕರಡುಗಳು ಬರತೊಡಗಿದಾಗ ಕೈಪಿಡಿಗೆ ನಿಜವಾದ ಪರೀಕ್ಷೆ ಎದುರಾಯಿತು. ಒಂದು ಕರಡಿನಲ್ಲಿ ಐದನೆಯ ಕೆರೆಯ ಹುಡುಗಿ ಮೊದಲನೆಯ ಕೆರೆಯ ನೀರಗಂಟಿಗೆ ಮೊರೆ ಕಳಿಸಬೇಕಿತ್ತು. ನೀರು ಮೇಲಕ್ಕೆ ಹರಿಯದು. ಆದರೆ ಕೊಡದಲ್ಲಿ ಹೊತ್ತೊಯ್ದರೆ ಏಕಾಗದು ಎಂದು ಲೇಖಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಗದು ಎಂದರೆ ಅದಕ್ಕೆ ಕಾರಣವಿಲ್ಲ. ಸುಮ್ಮನೆ ಆಗಬಹುದು ಎಂದರೆ ಮೇಲು ಕೆಳಗಿನ ಅಂತರವೇ ಕುಸಿದು ಏಳು ಮೆಟ್ಟಿಲುಗಳ ನಾಡು ಸಪಾಟಾಗುತ್ತದೆ. ಇಂಥ ಕಡೆ ವಿನಾಯಿತಿಗೂ ಒಂದು ಬೆಲೆ ಕಟ್ಟಬೇಕು. ಕೊಡ ನೆಲಕ್ಕೆ ತಾಗಿದ ಕ್ಷಣ ಅದರೊಳಗಿನ ಮಾತು ಇಳಿದುಹೋಗುತ್ತದೆ ಎಂದು ಸೇರಿಸಿದೆವು. ಅಂದರೆ ಮಾತನ್ನು ಮೇಲಕ್ಕೆ ಒಯ್ಯುವವರು ಎಲ್ಲೂ ಕೊಡ ಇಳಿಸದೆ ಬೆಟ್ಟ ಹತ್ತಬೇಕು.

ಆ ಒಂದು ಸಾಲಿನಿಂದ ಎಷ್ಟೆಲ್ಲ ಹುಟ್ಟಿತೆಂದರೆ, ಕೈಪಿಡಿಯ ಮೂರು ಅಧ್ಯಾಯಗಳನ್ನು ಮತ್ತೆ ತೆರೆಯಬೇಕಾಯಿತು. ಕೊಡ ಹೊರುವುದು ಒಂದು ಕಸುಬಾಯಿತು. ದಾರಿಯುದ್ದಕ್ಕೂ ಅವರಿಗೆ ನಿಂತೇ ಉಣ್ಣಲು, ಕೊಡವನ್ನು ಇನ್ನೊಬ್ಬರ ತಲೆಗೆ ದಾಟಿಸಲು ಕಲ್ಲುಮಂಟಪಗಳು ಬಂದವು. ತಲೆಯ ಮೇಲಿನ ಸಿಂಬೆ ಅವರ ಗುರುತಾಯಿತು. ಪಾತ್ರವಿನ್ಯಾಸದಲ್ಲಿ ಮೈಯನ್ನೆಲ್ಲ ಕಪ್ಪು ತುಂಬಿ ಹೊರರೇಖೆಯನ್ನಷ್ಟೇ ಉಳಿಸಿ ನೋಡಿದಾಗಲೂ ಸಿಂಬೆಯಿಂದ ಅವರನ್ನು ಗುರುತಿಸಬಹುದು. ಸ್ಟೋರಿಬೋರ್ಡ್ ಮಾಡುವವರಿಗೆ ಹುಡುಗಿಯ ಮೊಣಕಾಲು ಬಾಗುವುದನ್ನು ತೋರಿಸಿದರೆ ಸಾಕು, ಅಪಾಯ ತಿಳಿಯುತ್ತದೆ.

ನೀರಿನಲ್ಲಿರುವ ಮಾತನ್ನು ತೋರಿಸುವುದು ಹೇಗೆ ಎಂಬುದಕ್ಕೆ ಖರ್ಚಿನ ಲೆಕ್ಕವೂ ಸೇರಿಕೊಂಡಿತ್ತು. ಕೈಯಿಂದ ಬಿಡಿಸುವ ನೀರು ಬಹಳ ಶ್ರಮ ಬೇಡುತ್ತದೆ. ಮಲೆನಾಡಿನ ದೀವರ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಎಷ್ಟು ಸ್ಪಷ್ಟವಾಗಿ ಎದ್ದು ಕಾಣುತ್ತವೆಂಬುದನ್ನು ನಾನು ಗಮನಿಸಿದ್ದೆ. ಹಸೆ ಮದುವೆಯ ಮನೆಯ ಪವಿತ್ರ ಚಿತ್ರ. ಅದರ ವಿನ್ಯಾಸಗಳನ್ನು ಕಿತ್ತು ಅಲಂಕಾರಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಗಾಢ ನೆಲದ ಮೇಲೆ ತೆಳುವಾದ ಬಿಳಿ ಗೆರೆ ಎಂಬ ತತ್ತ್ವವನ್ನು ಮಾತ್ರ ತೆಗೆದುಕೊಂಡೆ. ಮಾತಿರುವ ನೀರಿನ ಮೇಲೆ ಸಮಾನಾಂತರ ಬಿಳಿ ಗೆರೆಗಳು ನಡುಗುತ್ತವೆ, ಅಷ್ಟೇ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ ಒಂದೊಂದು ಚಿತ್ರವನ್ನು ಎರಡು ಫ್ರೇಮು ಹಿಡಿದರೆ 6 ಚಿತ್ರಗಳಿಗೆ ಅರ್ಧ ಸೆಕೆಂಡಿನ ಆವರ್ತನ ಸಿಗುತ್ತದೆ. ಅದನ್ನೇ ಮರಳಿ ಮರಳಿ ಓಡಿಸಬಹುದು.

ಈ ಗೆರೆಗೆ ಅರ್ಥ ಉಳಿಯಬೇಕಾದರೆ ಆ ಬಿಳಿ ಬೇರೆಲ್ಲೂ ಕಾಣಿಸಬಾರದು. ಅಚ್ಚ ಬಿಳಿಯನ್ನು ಮಾತಿಗಾಗಿಯೇ ಮೀಸಲಿಡಲಾಗಿದೆ ಎಂದು ಬಣ್ಣದ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಹಾಗಾಗಿ ಮುಡಿದ ಮಲ್ಲಿಗೆ ಕೆನೆಬಣ್ಣಕ್ಕೆ ತಿರುಗಿತು, ಕೋಡಿಯ ನೊರೆ ಬೂದಿಯಾಯಿತು, ಕೊಕ್ಕರೆಗಳಿಗೆ ತಿಳಿ ಹಳದಿ ಬಂತು. ಮೊದಲ ಹಿನ್ನೆಲೆಗಳಲ್ಲಿ ಏರಿಯ ಮೇಲಿನ ಸುಣ್ಣದ ಗುಡಿ ಬೆಳ್ಳಗೆ ಹೊಳೆಯುತ್ತಿದ್ದು, ನೋಡಿದವರೆಲ್ಲ ಅಲ್ಲೇನೋ ಮಾಯೆಯಿದೆ ಎಂದುಕೊಂಡರು. ಗುಡಿಗೆ ಕಾವಿ ಬಳಿದ ಮೇಲೆ ಕಣ್ಣು ನೇರವಾಗಿ ನೀರಿಗೆ ಹೋಯಿತು.

ಹೆಸರುಗಳ ಉಚ್ಚಾರಣೆ, ಪಾತ್ರಗಳ ಎತ್ತರವನ್ನು ಹೋಲಿಸುವ ಹಾಳೆ ಮುಂತಾದವು ಎಲ್ಲ ಕೈಪಿಡಿಗಳಲ್ಲಿರುವಂತೆ ಇದರಲ್ಲೂ ಇವೆ. ರಾಜವಂಶಗಳ ಚರಿತ್ರೆಗೆ ನಾನು ಒಂದು ಪುಟಕ್ಕಿಂತ ಹೆಚ್ಚು ಜಾಗ ಕೊಡಲಿಲ್ಲ. ಯಾವ ಕಂತೂ ಅದನ್ನು ಕೇಳುವುದಿಲ್ಲ. ಅದರ ಬದಲು ತಂಡದವರು ಕೇಳಿದ ಪ್ರಶ್ನೆಗಳನ್ನು ಕೊನೆಯ ಹಾಳೆಗಳಲ್ಲಿ ದಿನಾಂಕದೊಡನೆ ಬರೆದಿಡುತ್ತಿದ್ದೆ. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದರೆ ಆ ಪುಟ ಅಸ್ಪಷ್ಟವಾಗಿದೆಯೆಂದೂ, ಅದಕ್ಕೆ ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆ ನಿಯಮವೇ ಅಪೂರ್ಣವೆಂದೂ ತಿಳಿಯುತ್ತದೆ. ಹಿನ್ನೆಲೆಗಳು ಅಂತಿಮವಾದ ಬಳಿಕ ನಿಯಮ ಬದಲಿಸಬೇಕಾದರೆ ನಿರ್ದೇಶಕರ ಒಪ್ಪಿಗೆ ಬೇಕು, ಮತ್ತು ಪ್ರತಿ ನಿಯಮದ ಎದುರು ಅದು ಕಾಣಿಸಿಕೊಂಡ ಕಂತುಗಳ ಸಂಖ್ಯೆ ಬರೆದಿರುವುದರಿಂದ ಯಾವ ಚಿತ್ರಗಳನ್ನು ಮತ್ತೆ ಬಿಡಿಸಬೇಕಾಗುತ್ತದೆಂದು ಆ ಸಭೆಯಲ್ಲೇ ಲೆಕ್ಕ ಹಾಕಬಹುದು.