ಪಾಷ್ ನೀತಿಯ ಕನ್ನಡ: ‘ಯಾರು’ ಎಂದು ಕೇಳಿದ ಮೇಲೆ ಸರಿಹೋಯಿತು

ಗಾರ್ಮೆಂಟ್ಸ್ ಕಾರ್ಖಾನೆಯ ಪಾಷ್ ನೀತಿಯನ್ನು, ಎಂದರೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ನೀತಿಯನ್ನು, ಕನ್ನಡಕ್ಕೆ ತರುವಾಗ ಕಾನೂನು ಬರಹದ ‘ತಕ್ಕದ್ದು’ ಬಿಟ್ಟಿದ್ದಕ್ಕೆ ಎಚ್‌.ಆರ್‌.ನವರೂ ವಕೀಲರೂ ಮೂಗು ಮುರಿದಿದ್ದರು. ಈಗ ಬೋರ್ಡಿನಲ್ಲಿರುವುದು ಅದೇ ಪ್ರತಿ. ಹನ್ನೆರಡು ಪುಟ, ನಾಲ್ಕು ಸಾವಿರ ಪದದ ಆಸುಪಾಸು, ಪದಕ್ಕೆ ಎರಡು ರೂಪಾಯಿ. ಮೊದಲ ಕರಡನ್ನು ಅವಸರಕ್ಕೆ ಫ್ಲೆಕ್ಸ್ ಮಾಡಿಸಿದ್ದು ದಂಡವಾಗಿ, ಸುಮಾರು ಮೂರು ಸಾವಿರ ಬಿಲ್ಲಿನಲ್ಲೇ ಕಡಿತವಾಯಿತು.

ಆ ಮೊದಲ ಕರಡು ಎಡವಿದ್ದು ಗೌಪ್ಯತೆಯ ಭಾಗದಲ್ಲಿ. ‘ದೂರಿನ ವಿವರಗಳನ್ನು ಬಹಿರಂಗಪಡಿಸತಕ್ಕದ್ದಲ್ಲ’ ಎಂದು ಬರೆದಿತ್ತು. ವ್ಯಾಕರಣ ಸರಿ, ಆದರೆ ಯಾರು ಬಹಿರಂಗಪಡಿಸಬಾರದು? ಓದಿಸಿ ಕೇಳಿದರೆ ಟೈಲರ್‌ಗಳು, ‘ದೂರು ಕೊಟ್ಟೋಳು ಮನೇಲೂ ಬಾಯಿ ಬಿಡಬಾರ್ದು ಅಂತ’ ಎಂದರು. 2013ರ ಕಾಯ್ದೆಯ 17ನೇ ಕಲಮು ದಂಡ ಹಾಕುವುದು ದೂರು, ವಿಚಾರಣೆ ನಿಭಾಯಿಸುವ ಹೊಣೆ ಹೊತ್ತವರಿಗೆ. ಕೊನೆಗೆ ನಿಂತದ್ದು ಹೀಗೆ: ‘ಸಮಿತಿಯ ಸದಸ್ಯರಾಗಲಿ, ಎಚ್‌.ಆರ್‌. ಸಿಬ್ಬಂದಿಯಾಗಲಿ, ದೂರಿನ ಕೆಲಸ ವಹಿಸಿಕೊಂಡ ಇನ್ಯಾರೇ ಆಗಲಿ, ದೂರು ಕೊಟ್ಟವರ, ಎದುರುದಾರರ, ಸಾಕ್ಷಿಗಳ ಹೆಸರು ವಿಳಾಸಗಳನ್ನೂ ವಿಚಾರಣೆಯ ಸಂಗತಿಯನ್ನೂ ಹೊರಗೆ ಬಿಡಬಾರದು. ಬಿಟ್ಟರೆ 5,000 ರೂಪಾಯಿ ದಂಡ.’ ಕರ್ತೃಪದ ಮೊದಲು ಬಂದರೆ ವಾಕ್ಯ ಉದ್ದವಾದರೂ ಅರ್ಥ ಜಾರುವುದಿಲ್ಲ.

‘ಆರೋಪಿ’ ಎಂದರೆ ಪೊಲೀಸ್ ಕೇಸಿನ ವಾಸನೆ, ಅದಕ್ಕೇ ‘ಎದುರುದಾರರು’. ದೂರಿನ ಹಂತಗಳಲ್ಲಿ ‘ಅವರು’ ಎಂಬ ಪದವನ್ನೇ ತೆಗೆದುಹಾಕಿದೆ. ‘ಅವರಿಗೆ ಏಳು ದಿನದಲ್ಲಿ ಪ್ರತಿ ಕೊಡಬೇಕು, ಅವರು ಹತ್ತು ದಿನದಲ್ಲಿ ಉತ್ತರಿಸಬೇಕು’ ಎಂದರೆ ಎರಡನೆಯ ‘ಅವರು’ ಸಮಿತಿಯೋ ಎದುರುದಾರರೋ? ಎರಡೂ ಕಡೆ ಲೆಕ್ಕ ಕೆಲಸದ ದಿನಗಳದ್ದು. ಬರೀ ‘ದಿನ’ ಎಂದರೆ ಭಾನುವಾರವೂ ಎಣಿಕೆಗೆ ಸೇರುತ್ತದೆ.

‘ಶಿಫಾರಸು’ ಇನ್ನೂ ಮೋಸದ ಪದ. ಸಮಿತಿ ಶಿಫಾರಸು ಮಾಡುತ್ತದೆ ಎಂದು ಓದಿದವರಿಗೆ ಹೊಳೆದದ್ದು ದೊಡ್ಡವರಿಂದ ಹೇಳಿಸುವುದು! ‘ಮಾಲೀಕರು ಏನು ಕ್ರಮ ಕೈಗೊಳ್ಳಬೇಕೆಂದು ಸಮಿತಿ ಬರೆದು ಕೊಡುತ್ತದೆ, ಮಾಲೀಕರು 60 ದಿನದೊಳಗೆ ಕ್ರಮ ಕೈಗೊಳ್ಳಬೇಕು’ ಎಂದು ಬಿಡಿಸಿ ಬರೆದೆ. ‘ರಾಜಿ’ ಉಳಿಸಿಕೊಂಡೆ, ಆದರೆ ಊರ ಪಂಚಾಯಿತಿಯ ರಾಜಿ ಆಗದಂತೆ ಬೇಲಿ ಹಾಕಿ: ವಿಚಾರಣೆಗೆ ಮುಂಚೆ, ನೊಂದ ಮಹಿಳೆ ತಾನೇ ಕೇಳಿದರೆ ಮಾತ್ರ, ದುಡ್ಡಿನ ಆಧಾರದ ಮೇಲೆ ರಾಜಿ ಇಲ್ಲ.

ಮಧ್ಯೆ ಆಡಿಯೊ ಮಾಡಿಸಿಯೂ ನೋಡಿದ್ದಾಯಿತು. ಸಮಿತಿಯಲ್ಲಿ ಯಾರ್‍ಯಾರು ಎಂಬುದು ಕಿವಿಗೆ ಹತ್ತಿತು, ದಿನಗಳ ಲೆಕ್ಕ ಹತ್ತಲಿಲ್ಲ, ಕೈಬಿಟ್ಟೆ. ಓದಿಸಿದ ಮೇಲೆ ಕೇಳುವ ಐದು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ಹೊಟ್ಟೆಪಾಡು.

2016ರ ತಿದ್ದುಪಡಿಯ ಮೇಲೆ ದೂರು ವಿಚಾರಿಸುವ ಸಮಿತಿಯ ಹೆಸರು ‘ಆಂತರಿಕ ಸಮಿತಿ’. ಹಳೆಯ ಮಾದರಿಗಳಲ್ಲಿನ ‘ಆಂತರಿಕ ದೂರು ಸಮಿತಿ’ಯಿಂದ ‘ದೂರು’ ತೆಗೆಯಿರಿ. ಅಧ್ಯಕ್ಷೆ, ನೌಕರ ಸದಸ್ಯರು, ಹೊರಗಿನ ಸದಸ್ಯರ ಹೆಸರು, ಫೋನ್ ನಂಬರಿಗೆ ಬೇರೆಯೇ ಹಾಳೆ ಇಡಿ. ಸದಸ್ಯರ ಅವಧಿ ಹೆಚ್ಚೆಂದರೆ ಮೂರು ವರ್ಷ, ಬದಲಾದಾಗ ಆ ಒಂದು ಹಾಳೆ ಮುದ್ರಿಸಿದರೆ ಸಾಕು.