ಪ್ರೀಮಿಯಂ ಖಾತೆಯ ಹಣವನ್ನು ಬೋನಸ್ ಷೇರಾಗಿಸುವುದು ಹೇಗೆ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ತೊಗರಿ ಬೇಳೆ ಮಿಲ್ ಇದೆ ಎಂದುಕೊಳ್ಳೋಣ. ಹಿಂದೆ ಅದು ಅಣ್ಣತಮ್ಮಂದಿರ ಪಾಲುದಾರಿಕೆಯಾಗಿತ್ತು. ಈಗ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದೆ. ಹತ್ತು ರೂಪಾಯಿ ಮುಖಬೆಲೆಯ 5 ಲಕ್ಷ ಷೇರುಗಳಿಂದ ಅದರ ಬಂಡವಾಳ 50 ಲಕ್ಷ ರೂಪಾಯಿ. ಬಣ್ಣ ನೋಡಿ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರ ತರಲು ಹಣ ಬೇಕಾದಾಗ ಕಂಪನಿಯು ಬಂಧುಗಳಿಗೂ ಪರಿಚಿತ ವ್ಯಾಪಾರಿಗಳಿಗೂ 1 ಲಕ್ಷ ಹೊಸ ಷೇರುಗಳನ್ನು ತಲಾ 60 ರೂಪಾಯಿಯಂತೆ ಕೊಟ್ಟಿತು. ಬಂದ 60 ಲಕ್ಷದಲ್ಲಿ ಮುಖಬೆಲೆಯ ಲೆಕ್ಕದ 10 ಲಕ್ಷ ಷೇರು ಬಂಡವಾಳಕ್ಕೆ ಸೇರಿತು. ಉಳಿದ 50 ಲಕ್ಷವು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೆ ಹೋಯಿತು. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ದುಂಡಗೆ ಇಟ್ಟಿದ್ದೇನೆ. ವ್ಯವಹಾರದ ರೀತಿ ಮಾತ್ರ ಈ ಭಾಗದ ಮಿಲ್‌ಗಳಲ್ಲಿ ನಡೆಯುವಂಥದ್ದೇ.

ವರ್ಷ ಕಳೆದ ಮೇಲೆ ವಾರ್ಷಿಕ ಸಭೆಯಲ್ಲಿ ಹಿರಿಯ ಷೇರುದಾರರೊಬ್ಬರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: “ಖಾತೆದಾಗ ಐವತ್ತು ಲಕ್ಷ ಅದಲ್ರಿ, ಅದರಾಗಿಂದೇ ಡಿವಿಡೆಂಡ್ ಕೊಟ್ರ ಏನಾಗ್ತದ್ರಿ?” ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಾದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಖಾತೆ ಎಂದರೆ ತಿಜೋರಿಯಲ್ಲ

ಆ 50 ಲಕ್ಷ ಬ್ಯಾಂಕಿನಲ್ಲಿ ಇಲ್ಲ. ಅದು ಯಂತ್ರವಾಗಿ ಮಿಲ್‌ನ ಷೆಡ್ಡಿನಲ್ಲಿ ನಿಂತಿದೆ. ಪ್ರೀಮಿಯಂ ಖಾತೆಯು ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯ ಕಡೆ, ‘ಮೀಸಲು ಮತ್ತು ಹೆಚ್ಚುವರಿ’ ಎಂಬ ಶೀರ್ಷಿಕೆಯಡಿ ಕಾಣುವ ಒಂದು ಮೊತ್ತವಷ್ಟೆ. ಷೇರುದಾರರಿಂದ ಮುಖಬೆಲೆಗಿಂತ ಹೆಚ್ಚಾಗಿ ಎಷ್ಟು ಬಂತು ಎಂಬುದನ್ನು ಅದು ಹೇಳುತ್ತದೆ. ಆ ಹಣ ಈಗ ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಜೊತೆಗೆ ಇದು ವ್ಯಾಪಾರದಿಂದ ಬಂದ ಲಾಭವೂ ಅಲ್ಲ. 2013ರ ಕಂಪನಿ ಕಾಯ್ದೆಯ 52ನೆಯ ಕಲಮು ಈ ಖಾತೆಯನ್ನು, ತಾನೇ ಹೇಳಿರುವ ಕೆಲವು ಉಪಯೋಗಗಳನ್ನು ಬಿಟ್ಟು, ಸಂದಾಯವಾದ ಷೇರು ಬಂಡವಾಳದಂತೆಯೇ ನೋಡುತ್ತದೆ. ಬಂಡವಾಳವನ್ನು ಲಾಭಾಂಶವಾಗಿ ಹಂಚಲು ಹೇಗೆ ಬರುವುದಿಲ್ಲವೋ ಹಾಗೆಯೇ ಈ ಮೊತ್ತವನ್ನೂ ಹಂಚಲು ಬರುವುದಿಲ್ಲ. ಹಿಂದಿನ ವರ್ಷಗಳ ನಷ್ಟಕ್ಕೆ ಇದನ್ನು ವಜಾ ಹಾಕಬೇಕೆಂದರೂ 66ನೆಯ ಕಲಮಿನಂತೆ ವಿಶೇಷ ನಿರ್ಣಯ ಮಾಡಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಪಡೆಯಬೇಕು. ಲೆಕ್ಕಿಗರು ಒಂದು ಜಮಾ-ಖರ್ಚು ಬರೆದು ಮುಗಿಸುವ ಕೆಲಸ ಅದಲ್ಲ.

ಕಾಯ್ದೆ ತೆರೆದಿಟ್ಟಿರುವ ದಾರಿಗಳು ಐದು. ಸದಸ್ಯರಿಗೆ ಹೊಸದಾಗಿ ಹಣ ಕೇಳದೆ, ಅವರ ಈಗಿನ ಷೇರುಗಳ ಪ್ರಮಾಣದಲ್ಲಿ, ಪೂರ್ತಿ ಸಂದಾಯವಾದ ಬೋನಸ್ ಷೇರು ಕೊಡಬಹುದು. ಕಂಪನಿ ಸ್ಥಾಪನೆಯ ಪ್ರಾರಂಭಿಕ ವೆಚ್ಚವನ್ನು ವಜಾ ಮಾಡಬಹುದು. ಷೇರು ಅಥವಾ ಡಿಬೆಂಚರ್ ಎಂಬ ಸಾಲಪತ್ರ ನೀಡಿಕೆಯ ವೆಚ್ಚ, ಕಮಿಷನ್ ಮತ್ತು ರಿಯಾಯಿತಿಯನ್ನು ವಜಾ ಮಾಡಬಹುದು. ಆದ್ಯತಾ ಷೇರು ಅಥವಾ ಡಿಬೆಂಚರ್ ವಿಮೋಚನೆಯಲ್ಲಿ ಕೊಡಬೇಕಾದ ಪ್ರೀಮಿಯಂಗೆ ತೆಗೆದಿಡಬಹುದು. 68ನೆಯ ಕಲಮಿನಂತೆ ಕಂಪನಿಯು ತನ್ನದೇ ಷೇರುಗಳನ್ನು ಮರುಖರೀದಿ ಮಾಡಬಹುದು. ಇಂಡ್ ಎಎಸ್ ಲೆಕ್ಕ ಮಾನದಂಡ ಅನುಸರಿಸುವ ದೊಡ್ಡ ಕಂಪನಿಗಳಿಗೆ ಈ ಪಟ್ಟಿ ಇನ್ನೂ ಚಿಕ್ಕದು: ಈಕ್ವಿಟಿ ಬೋನಸ್, ಈಕ್ವಿಟಿ ನೀಡಿಕೆಯ ವೆಚ್ಚ ಮತ್ತು ಮರುಖರೀದಿ ಮಾತ್ರ. ನಮ್ಮ ಮಿಲ್‌ಗೆ ಈಗ ಬೇಕಾಗಿರುವುದು ನೀಡಿಕೆಯ ವೆಚ್ಚ ಮತ್ತು ಬೋನಸ್ ಎರಡೇ ಆದ್ದರಿಂದ ಅವನ್ನೇ ಬಿಡಿಸಿ ನೋಡೋಣ.

ಮೊದಲು ಖಾತೆಯ ಮೊತ್ತ ತಾಳೆ ನೋಡಿ

ಹಂಚಿಕೆ ಮಾಡಿದ ಷೇರುಗಳ ಸಂಖ್ಯೆಯನ್ನು ತಲಾ ಪ್ರೀಮಿಯಂನಿಂದ ಗುಣಿಸಿದರೆ ಬರುವ ಮೊತ್ತವೂ ಖಾತೆಯಲ್ಲಿ ಜಮಾ ಆದ ಮೊತ್ತವೂ ಒಂದೇ ಇರಬೇಕು. ಇಲ್ಲಿ 1 ಲಕ್ಷ ಷೇರು, ತಲಾ 50 ರೂಪಾಯಿ. 50 ಲಕ್ಷ ಸರಿಯಾಗುತ್ತದೆ. ಸರಿಯಾಗದಿದ್ದರೆ ಕಾರಣವನ್ನು ಎರಡು ಕಡೆ ಹುಡುಕಬೇಕು. ಯಾರಾದರೂ ಪೂರ್ತಿ ಹಣ ಕಟ್ಟಿಲ್ಲದಿದ್ದರೆ, ಬರಬೇಕಾದ ಪ್ರೀಮಿಯಂ ಬೇರೆ, ಬಂದ ಪ್ರೀಮಿಯಂ ಬೇರೆ; ಕಾಯ್ದೆ ಹೇಳುವುದು ಬಂದದ್ದರ ಬಗ್ಗೆ. ಇನ್ನೊಂದು, ಷೇರುಗಳನ್ನು ನಗದಿಗಲ್ಲದೆ ವಸ್ತುವಿಗೆ ಕೊಟ್ಟ ಪ್ರಸಂಗ. ಮಿಲ್‌ಗೆ ಹೊಂದಿಕೊಂಡ ನಿವೇಶನವನ್ನು ಕಾಕಾ ಒಬ್ಬರು ಕಂಪನಿಗೆ ಬರೆದುಕೊಟ್ಟು ಷೇರು ಪಡೆದಿದ್ದರೆ, ಅಲ್ಲಿ ನಗದು ಕೈ ಬದಲಾಗದಿದ್ದರೂ ಮುಖಬೆಲೆಗಿಂತ ಹೆಚ್ಚಿನ ಮೌಲ್ಯ ಇದೇ ಖಾತೆಗೆ ಬರಬೇಕು. ಸಣ್ಣ ಕಂಪನಿಗಳ ಲೆಕ್ಕದಲ್ಲಿ ಇದು ಬಿಟ್ಟುಹೋಗುವುದು ಸುಲಭ.

ನಂತರ ನೀಡಿಕೆಯ ವೆಚ್ಚ

ನಮ್ಮ ಮಿಲ್‌ನ ಗುಮಾಸ್ತರು ‘ಷೇರು ಮತ್ತು ಸಾಲದ ವೆಚ್ಚ’ ಎಂಬ ಒಂದೇ ಖಾತೆಯಲ್ಲಿ 2,70,000 ರೂಪಾಯಿ ಬರೆದಿದ್ದಾರೆ. ಬಿಲ್ಲಿನ ಕಟ್ಟು ಬಿಚ್ಚಿ ನೋಡಿದರೆ ಅದರಲ್ಲಿ ನೋಂದಾಯಿತ ಮೌಲ್ಯಮಾಪಕರ ವರದಿಯ ಶುಲ್ಕ, ಷೇರು ನೀಡಿಕೆಯ ಕಾಗದಪತ್ರ ಸಿದ್ಧಪಡಿಸಿದ ವೃತ್ತಿಪರರ ಶುಲ್ಕ ಮತ್ತು ಷೇರು ನೀಡಿಕೆಯ ಮುದ್ರಾಂಕ ಶುಲ್ಕ ಸೇರಿ 1,80,000 ರೂಪಾಯಿ ಇದೆ. ಉಳಿದ 90,000 ರೂಪಾಯಿ, ಅದೇ ಯಂತ್ರಕ್ಕಾಗಿ ಬ್ಯಾಂಕಿನಿಂದ ತೆಗೆದ ಅವಧಿ ಸಾಲದ ಸಂಸ್ಕರಣಾ ಶುಲ್ಕ. ಯಂತ್ರ ಒಂದೇ, ತಿಂಗಳೂ ಒಂದೇ ಆದ್ದರಿಂದ ಎರಡೂ ಒಂದೇ ಕಟ್ಟಿಗೆ ಸೇರಿವೆ.

ಬ್ಯಾಂಕ್ ಸಾಲವು ಡಿಬೆಂಚರ್ ಅಲ್ಲ. ಕಾಯ್ದೆ ಒಪ್ಪುವುದು ಷೇರು ಅಥವಾ ಡಿಬೆಂಚರ್ ನೀಡಿಕೆಯ ವೆಚ್ಚವನ್ನು ಮಾತ್ರ. ಆದ್ದರಿಂದ 90,000 ರೂಪಾಯಿಯನ್ನು ಸಾಲದ ವೆಚ್ಚವೆಂದೇ ಲೆಕ್ಕಹಾಕಬೇಕು. ಪ್ರೀಮಿಯಂ ಖಾತೆಯಿಂದ ವಜಾ ಆಗುವುದು 1,80,000 ಮಾತ್ರ. ಪ್ರೀಮಿಯಂ ಖಾತೆಗೆ ಡೆಬಿಟ್, ಷೇರು ನೀಡಿಕೆ ವೆಚ್ಚದ ಖಾತೆಗೆ ಕ್ರೆಡಿಟ್. ಉಳಿಯುವುದು 48,20,000 ರೂಪಾಯಿ. ಈ ಬೇರ್ಪಡಿಕೆಯ ಬಗ್ಗೆ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪ್ರೀಮಿಯಂನಿಂದ ವಜಾ ಮಾಡಿದ ವೆಚ್ಚ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಸಲ್ಲದ ವೆಚ್ಚವನ್ನು ಇಲ್ಲಿ ತುರುಕಿದರೆ ಆ ವರ್ಷದ ಲಾಭ ಇಲ್ಲದಷ್ಟು ಹೆಚ್ಚಾಗಿ ತೋರುತ್ತದೆ, ಬ್ಯಾಂಕೂ ಹೊಸ ಷೇರುದಾರರೂ ಅದನ್ನೇ ನಂಬುತ್ತಾರೆ. ಪುಸ್ತಕದಲ್ಲಿ ವಜಾ ಮಾಡಿದ ಮಾತ್ರಕ್ಕೆ ಆದಾಯ ತೆರಿಗೆಯಲ್ಲಿ ಅದು ವಿನಾಯಿತಿ ಆಗುತ್ತದೆ ಎಂದೂ ತಿಳಿಯಬಾರದು. ಬಂಡವಾಳ ಹೆಚ್ಚಿಸಲು ಹೊಸ ಷೇರು ನೀಡಿದ ವೆಚ್ಚವು ಬಂಡವಾಳ ವೆಚ್ಚವೆಂದು ಸುಪ್ರೀಂ ಕೋರ್ಟ್ 1997ರಲ್ಲಿಯೇ ಹೇಳಿದೆ.

ಬೋನಸ್ ಷೇರಿನ ಹಂತಗಳು

ನಿರ್ದೇಶಕರು ಎರಡು ಷೇರಿಗೆ ಒಂದರಂತೆ ಬೋನಸ್ ಕೊಡಲು ಯೋಚಿಸಿದ್ದಾರೆ. ಈಗಿರುವುದು 6 ಲಕ್ಷ ಷೇರು. ಹೊಸದಾಗಿ ಬೇಕಾಗುವುದು 3 ಲಕ್ಷ. ಮುಖಬೆಲೆಯಲ್ಲಿ 30 ಲಕ್ಷ ರೂಪಾಯಿ. ಖಾತೆಯಲ್ಲಿ 48,20,000 ಇರುವುದರಿಂದ ಅಡ್ಡಿಯಿಲ್ಲ. ಆದರೆ ಮೊತ್ತ ಸಾಕಾಗುತ್ತದೆ ಎಂದ ತಕ್ಷಣ ಬೋನಸ್ ಘೋಷಿಸಿಬಿಡುವುದು ತಪ್ಪು, ಏಕೆಂದರೆ ನಿರ್ದೇಶಕ ಮಂಡಳಿಯು ಬೋನಸ್ ಶಿಫಾರಸು ಮಾಡಿರುವುದಾಗಿ ಒಮ್ಮೆ ಪ್ರಕಟಿಸಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ನಿಯಮ ಬಿಡುವುದಿಲ್ಲ. ಆದ್ದರಿಂದ ಪರಿಶೀಲನೆಯೆಲ್ಲ ಶಿಫಾರಸಿಗಿಂತ ಮೊದಲೇ ಮುಗಿಯಬೇಕು.

ಮೊದಲು ಕಂಪನಿಯ ಅಂತರ್ನಿಯಮಾವಳಿಯನ್ನು ತೆಗೆದು, ಮೀಸಲನ್ನು ಬಂಡವಾಳವಾಗಿ ಪರಿವರ್ತಿಸಿ ಬೋನಸ್ ಕೊಡಲು ಅದರಲ್ಲಿ ಅವಕಾಶವಿದೆಯೇ ಎಂದು ಓದಬೇಕು. ಇಲ್ಲದಿದ್ದರೆ ಅದನ್ನೇ ಮೊದಲು ತಿದ್ದಬೇಕು. ಆಮೇಲೆ ಅಧಿಕೃತ ಬಂಡವಾಳ, ಅಂದರೆ ಕಂಪನಿ ಷೇರು ನೀಡಬಹುದಾದ ಗರಿಷ್ಠ ಮಿತಿ. ನಮ್ಮ ಮಿಲ್‌ನದು 75 ಲಕ್ಷ. ಬೋನಸ್ ಆದ ಮೇಲೆ ಸಂದಾಯ ಬಂಡವಾಳ 60 ಮತ್ತು 30 ಸೇರಿ 90 ಲಕ್ಷವಾಗುತ್ತದೆ. ಹದಿನೈದು ಲಕ್ಷ ಕಡಿಮೆ ಬೀಳುವುದರಿಂದ ಸಾಮಾನ್ಯ ಸಭೆಯಲ್ಲಿ ಅಧಿಕೃತ ಬಂಡವಾಳವನ್ನು 1 ಕೋಟಿಗೆ ಏರಿಸಿ, 30 ದಿನದೊಳಗೆ SH-7 ನಮೂನೆ ಸಲ್ಲಿಸಬೇಕು. ಬೋನಸ್ ನಿರ್ಣಯವನ್ನೂ ಅದೇ ಸಭೆಯಲ್ಲಿ ಇಡಬಹುದು, ಆದರೆ ಬಂಡವಾಳ ಏರಿಸುವ ನಿರ್ಣಯ ಮೊದಲು ಅಂಗೀಕಾರವಾಗಬೇಕು.

63ನೆಯ ಕಲಮು ಹಾಕಿರುವ ಷರತ್ತುಗಳಲ್ಲಿ ಮಿಲ್‌ಗಳಿಗೆ ತೊಡಕಾಗುವುದು ನೌಕರರ ಬಾಕಿ. ಭವಿಷ್ಯ ನಿಧಿ, ಗ್ರ್ಯಾಚುಯಿಟಿ, ಬೋನಸ್‌ನಂಥ ಶಾಸನಬದ್ಧ ಪಾವತಿಯಲ್ಲಿ ಕಂಪನಿ ತಪ್ಪಿದ್ದರೆ ಬೋನಸ್ ಷೇರು ಕೊಡುವಂತಿಲ್ಲ. ತೊಗರಿ ಖರೀದಿಯ ಹಂಗಾಮಿನಲ್ಲಿ ರೊಕ್ಕವೆಲ್ಲ ಮಾಲಿಗೆ ಹೋಗಿ, ಎರಡು ತಿಂಗಳ ಭವಿಷ್ಯ ನಿಧಿ ವಂತಿಗೆ ನಿಂತುಹೋದದ್ದು ಮಾಲೀಕರಿಗೆ ನೆನಪೇ ಇರುವುದಿಲ್ಲ. ಚಲನ್‌ಗಳನ್ನು ತಿಂಗಳುವಾರು ಜೋಡಿಸಿ ನೋಡುವುದೊಂದೇ ಇದಕ್ಕೆ ದಾರಿ. ಠೇವಣಿ ಮತ್ತು ಸಾಲಪತ್ರಗಳ ಅಸಲು ಬಡ್ಡಿಯಲ್ಲೂ ತಪ್ಪಿರಬಾರದು. ಭಾಗಶಃ ಸಂದಾಯವಾದ ಷೇರುಗಳಿದ್ದರೆ ಅವನ್ನು ಪೂರ್ತಿ ಸಂದಾಯ ಮಾಡಿಸಿರಬೇಕು. ಲಾಭಾಂಶದ ಬದಲಿಗೆ ಎಂದು ಬೋನಸ್ ಕೊಡಬಾರದು. ಕಪನೂರದ ಜಾಗದ ಬೆಲೆ ಏರಿದೆ ಎಂದು ಆಸ್ತಿಯ ಮರುಮೌಲ್ಯಮಾಪನ ಮಾಡಿ ಹುಟ್ಟಿಸಿದ ಮೀಸಲಿನಿಂದ ಬೋನಸ್ ಕೊಡುವುದಕ್ಕೂ ಕಾಯ್ದೆ ಒಪ್ಪುವುದಿಲ್ಲ.

ಇವೆಲ್ಲ ಸರಿಯಿದ್ದಾಗ ಮಂಡಳಿ ಶಿಫಾರಸು ಮಾಡುತ್ತದೆ, ಸಾಮಾನ್ಯ ಸಭೆ ಒಪ್ಪುತ್ತದೆ, ಮಂಡಳಿ ಹಂಚಿಕೆ ಮಾಡುತ್ತದೆ, ಹಂಚಿಕೆಯಾದ 30 ದಿನದೊಳಗೆ PAS-3 ನಮೂನೆ ಸಲ್ಲಿಕೆಯಾಗುತ್ತದೆ. ಬೆಸಸಂಖ್ಯೆಯ ಷೇರು ಇರುವವರಿಗೆ ಅರ್ಧ ಷೇರಿನ ಪ್ರಶ್ನೆ ಬರುತ್ತದೆ. ಅಂಥ ತುಣುಕುಗಳನ್ನು ಒಟ್ಟುಗೂಡಿಸಿ ಮಾರಿ ಹಣ ಹಂಚುವುದು ಹೇಗೆ ಎಂಬುದನ್ನು ನಿರ್ಣಯದಲ್ಲಿಯೇ ಬರೆದಿಡುವುದು ಒಳ್ಳೆಯದು. ಪುಸ್ತಕದಲ್ಲಿ ಎರಡು ನಮೂದು. ಸಭೆ ಒಪ್ಪಿದಾಗ ಪ್ರೀಮಿಯಂ ಖಾತೆಗೆ 30 ಲಕ್ಷ ಡೆಬಿಟ್, ‘ಷೇರುದಾರರಿಗೆ ಬೋನಸ್’ ಖಾತೆಗೆ ಕ್ರೆಡಿಟ್. ಹಂಚಿಕೆಯಾದಾಗ ಆ ಖಾತೆಗೆ ಡೆಬಿಟ್, ಈಕ್ವಿಟಿ ಷೇರು ಬಂಡವಾಳಕ್ಕೆ ಕ್ರೆಡಿಟ್. ಎಲ್ಲಿಯೂ ಬ್ಯಾಂಕ್ ಖಾತೆ ಬರುವುದಿಲ್ಲ ಎಂಬುದನ್ನು ಗಮನಿಸಿ. ಹಾಗಾಗಿಯೇ 60,000 ಷೇರು ಇದ್ದವರ ಕೈಯಲ್ಲಿ 90,000 ಆದರೂ ಅವರ ಪಾಲು ಮೊದಲಿನಂತೆ ಶೇ 10 ಮಾತ್ರ, ಮಿಲ್‌ನ ಒಟ್ಟು ಮೌಲ್ಯವೂ ಒಂದು ರೂಪಾಯಿ ಹೆಚ್ಚಾಗಿರುವುದಿಲ್ಲ.

ಕಲಬುರಗಿ, ಯಾದಗಿರಿ, ಬೀದರ್ ಭಾಗದ ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಈ ಹಂತಗಳನ್ನು ಹಾಗೆಯೇ ಎತ್ತಿಕೊಳ್ಳಬಾರದು. ಉತ್ಪಾದಕ ಕಂಪನಿಗಳ ಬೋನಸ್ ಷೇರಿಗೆ ಕಾಯ್ದೆಯಲ್ಲಿ 378ಝಡ್‌ಜೆ ಎಂಬ ಬೇರೆಯೇ ಕಲಮು ಇದ್ದು, ಅದು ಸಾಮಾನ್ಯ ಮೀಸಲನ್ನು ಬಂಡವಾಳವಾಗಿಸುವ ಬಗ್ಗೆ ಹೇಳುತ್ತದೆ.

ಮಾರ್ಚ್ 31ರ ಪಟ್ಟಿಯ ಟಿಪ್ಪಣಿಯಲ್ಲಿ ನಮ್ಮ ಮಿಲ್‌ನ ಪ್ರೀಮಿಯಂ ಖಾತೆ ಹೀಗೆ ಕಾಣಬೇಕು: ವರ್ಷಾರಂಭದಲ್ಲಿ 50,00,000, ಕಳೆಯಿರಿ, ಷೇರು ನೀಡಿಕೆಯ ವೆಚ್ಚ 1,80,000, ಕಳೆಯಿರಿ, ಬೋನಸ್ ಷೇರಿಗೆ ಬಳಸಿದ್ದು 30,00,000, ಉಳಿಕೆ 18,20,000. ಬಂಡವಾಳದ ಟಿಪ್ಪಣಿಯಲ್ಲಿ 6 ಲಕ್ಷ ಷೇರು 9 ಲಕ್ಷವಾಗಿ, ಆ 3 ಲಕ್ಷ ಬೋನಸ್ ಷೇರುಗಳೆಂದು ಬೇರೆಯಾಗಿ ನಮೂದಾಗಿರಬೇಕು. ಈ ಎರಡು ಟಿಪ್ಪಣಿಗಳಲ್ಲಿರುವ 30 ಲಕ್ಷ ಒಂದಕ್ಕೊಂದು ತಾಳೆಯಾಗದಿದ್ದರೆ, ಪಟ್ಟಿಗೆ ಸಹಿ ಹಾಕುವ ಮೊದಲು ಲೆಕ್ಕಿಗರನ್ನು ಕೂರಿಸಿಕೊಂಡು ನಮೂದುಗಳನ್ನು ಮೊದಲಿನಿಂದ ನೋಡಿ.