ಕರೆಂಟ್ ಬಿಲ್ ದಿಢೀರ್ ಏರಿದೆಯೇ? ರೀಡಿಂಗ್ ಫೋಟೋ ಇಟ್ಟುಕೊಂಡು ಹೀಗೆ ದೂರು ಕೊಡಿ

ಬೆಸ್ಕಾಂ ಉಪವಿಭಾಗದ ಕಚೇರಿಗೆ ಬಿಲ್ ಹಿಡಿದು ಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಸಾರ್, ನಾವು ಇಷ್ಟೊಂದು ಉರಿಸಿಲ್ಲ." ಕೌಂಟರಿನಲ್ಲಿ ಕೂತವರು ಅದನ್ನು ದಿನವೂ ಕೇಳುತ್ತಾರೆ. ಆ ಮಾತಿನಿಂದ ಬಿಲ್ ಇಳಿಯುವುದಿಲ್ಲ. ಯಾವ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು ಅನ್ನುವ ದಾಖಲೆ ಇದ್ದರೆ ಇಳಿಯುತ್ತದೆ.

1. ಮೊದಲು ಮೀಟರ್ ನೋಡಿ, ಆಮೇಲೆ ದೂರಿ

ಬಿಲ್ ಕೈಗೆ ಬಂದ ದಿನವೇ ಮೀಟರ್ ಹತ್ತಿರ ಹೋಗಿ. ಮೀಟರಿನಲ್ಲಿರುವ ಅಂಕಿ ಬಿಲ್ಲಿನ 'ಪ್ರಸ್ತುತ ರೀಡಿಂಗ್'ಗಿಂತ ಕಡಿಮೆ ಇದ್ದರೆ ಮೀಟರ್ ಕೆಟ್ಟಿಲ್ಲ, ಓದಿದವರು ತಪ್ಪಿದ್ದಾರೆ. ಫೋಟೋ ತೋರಿಸಿದರೆ ಸಾಕು. ಬಾಡಿಗೆ ಕಟ್ಟಡಗಳಲ್ಲಿ ಸಾಲಾಗಿ ಆರೇಳು ಮೀಟರ್ ಇರುತ್ತವೆ, ಪಕ್ಕದ ಮನೆಯದ್ದನ್ನು ಓದಿರಲೂಬಹುದು. ಹಾಗಾಗಿ ಆರ್‌ಆರ್ ನಂಬರ್ ಮತ್ತು ಮೀಟರ್ ನಂಬರ್ ಎರಡನ್ನೂ ಹೊಂದಿಸಿ ನೋಡಿ. ಹಿಂದಿನ ತಿಂಗಳು ಬಾಗಿಲು ಹಾಕಿತ್ತು ಅಂತ ಸರಾಸರಿ ಬಿಲ್ ಕೊಟ್ಟಿದ್ದರೆ, ಈ ತಿಂಗಳು ಎರಡು ತಿಂಗಳ ಯೂನಿಟ್ ಒಟ್ಟಿಗೆ ಬಂದಿರುತ್ತದೆ. ಅದೂ ಮೀಟರಿನ ತಪ್ಪಲ್ಲ.

ಇವು ಯಾವುವೂ ಅಲ್ಲ ಅಂತಾದರೆ ಮುಂದಕ್ಕೆ ಹೋಗಿ.

2. ರೀಡಿಂಗ್ ಇತಿಹಾಸ ಜೋಡಿಸಿ

ಜನ ಎಡವುವುದು ಇಲ್ಲೇ. ಹಳೇ ಬಿಲ್‌ಗಳ ಕಟ್ಟು ತಂದು ಮೇಜಿನ ಮೇಲೆ ಹಾಕಿ, "ನೀವೇ ನೋಡಿ" ಅನ್ನುತ್ತಾರೆ. ಯಾರೂ ನೋಡುವುದಿಲ್ಲ. ಒಂದೇ ಹಾಳೆಯಲ್ಲಿ ಬರೆದುಕೊಡಿ: ತಾರೀಕು, ರೀಡಿಂಗ್, ಎಷ್ಟು ದಿನ, ಎಷ್ಟು ಯೂನಿಟ್, ದಿನಕ್ಕೆ ಎಷ್ಟು. ದಿನದ ಲೆಕ್ಕ ಬೇಕೇ ಬೇಕು. ಒಂದು ಬಿಲ್ 28 ದಿನದ್ದು, ಇನ್ನೊಂದು 33 ದಿನದ್ದು ಆಗಿದ್ದರೆ ಯೂನಿಟ್ ಮಾತ್ರ ಹೋಲಿಸಿ ಪ್ರಯೋಜನವಿಲ್ಲ. ಹಳೇ ಬಿಲ್ ಕಳೆದುಹೋಗಿದ್ದರೆ ಬೆಸ್ಕಾಂ ಮಿತ್ರ ಆ್ಯಪ್‌ನಲ್ಲಿ ಹುಡುಕಿ. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಗ್ರಾಫ್ ಮಾಡುವ ಗೋಜಿಗೆ ಹೋಗಬೇಡಿ, ಕೈಬರಹದ ಹಾಳೆಯೇ ಚೆನ್ನ.

ಬಿಲ್‌ಗಿಂತ ಗಟ್ಟಿ ಸಾಕ್ಷಿ ಅಂದರೆ ನೀವೇ ತೆಗೆದ ಮೀಟರ್ ಫೋಟೋ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ದಾಟೀತು ಅನ್ನುವ ಭಯಕ್ಕೆ ಎಷ್ಟೋ ಮನೆಗಳಲ್ಲಿ ದಿನಾ ಬೆಳಿಗ್ಗೆ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಒಳ್ಳೇ ಅಭ್ಯಾಸ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ? ಫೋಟೋದಲ್ಲಿ ಅಂಕಿಯ ಜೊತೆ ಮೀಟರ್ ನಂಬರೂ ಕಾಣಬೇಕು. ಪರದೆಯಲ್ಲಿ ವೋಲ್ಟೇಜ್, ದಿನಾಂಕ, ಲೋಡ್ ಎಲ್ಲ ಸರದಿಯಲ್ಲಿ ಬರುತ್ತವೆ. kWh ಅಂತ ಬಂದಾಗ ಒಂದು ಕ್ಲಿಕ್, MD ಅಂತ ಬಂದಾಗ ಇನ್ನೊಂದು.

ಈ MD ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಆ ತಿಂಗಳಲ್ಲಿ ನಿಮ್ಮ ಮನೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ಲೋಡ್ ಅದು, ಕಿಲೋವ್ಯಾಟ್ ಲೆಕ್ಕದಲ್ಲಿ. ಸುಮಾರು ಅರ್ಧ ಗಂಟೆಯ ಸರಾಸರಿ ತೆಗೆದು ಮೀಟರೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು 24ರಿಂದ ಗುಣಿಸಿದರೆ, ಒಂದು ದಿನಕ್ಕೆ ನಿಮ್ಮ ಮನೆ ಗರಿಷ್ಠ ಎಷ್ಟು ಯೂನಿಟ್ ಉರಿಸಿರಬಹುದು ಅನ್ನುವುದು ಸಿಗುತ್ತದೆ. ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ.

ಲೆಕ್ಕ ಮಾಡಿಯೇ ನೋಡೋಣ. ಬಸವೇಶ್ವರನಗರದ ಎರಡು ರೂಮಿನ ಮನೆ ಅಂದುಕೊಳ್ಳಿ. ಹಿಂದಿನ ಆರು ತಿಂಗಳ ಯೂನಿಟ್ 138, 146, 141, 152, 149, 144. ಸರಾಸರಿ 145, ದಿನಕ್ಕೆ ಐದರೊಳಗೆ. ಈ ಸಲದ 30 ದಿನದ ಬಿಲ್: ಹಿಂದಿನ ರೀಡಿಂಗ್ 8214, ಈಗಿನದು 8598, ಒಟ್ಟು 384 ಯೂನಿಟ್. ಫೋಟೋಗಳನ್ನು ತಿರುವಿ ಹಾಕಿದರೆ 14ನೇ ತಾರೀಕು ಬೆಳಿಗ್ಗೆ 8267, 15ರ ಬೆಳಿಗ್ಗೆ 8511. ಒಂದೇ ದಿನಕ್ಕೆ 244 ಯೂನಿಟ್! ಮಿಕ್ಕ 29 ದಿನಕ್ಕೆ ಬರೀ 140, ಅಂದರೆ ದಿನಕ್ಕೆ ಅದೇ 4.8. ಆ ತಿಂಗಳ MD 1.8. ಅದನ್ನು 24ರಿಂದ ಗುಣಿಸಿದರೆ 43.2. ದಿನಕ್ಕೆ 43 ಯೂನಿಟ್ ದಾಟಲಾಗದ ಮನೆ 244 ಉರಿಸಿತು ಅಂತ ಮೀಟರ್ ಹೇಳುತ್ತಿದೆ. ಅದರದೇ ಎರಡು ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ದೂರಿನಲ್ಲಿ ಬರೆಯಬೇಕಾದದ್ದು ಇದನ್ನೇ.

ಫೋಟೋ ವಾರಕ್ಕೊಂದೇ ಇದ್ದರೆ ಈ ವಾದ ಸೊರಗುತ್ತದೆ. 1.8 ಕಿಲೋವ್ಯಾಟ್ ಏಳು ದಿನಕ್ಕೆ 302 ಯೂನಿಟ್ ಆಗುತ್ತದೆ, 244 ಅದರೊಳಗೇ ಅಡಗಿಬಿಡುತ್ತದೆ. ಅದಕ್ಕೇ ದಿನಾ ತೆಗೆಯಿರಿ ಅನ್ನುವುದು.

3. ಮಿಣುಕು ಎಣಿಸಿ

ರೀಡಿಂಗ್ ಒಂದು ದಿನ ಎಗರುವ ಬದಲು ತಿಂಗಳಿಡೀ ಜಾಸ್ತಿ ಓಡುತ್ತಿದ್ದರೆ ಈ ಪರೀಕ್ಷೆ ಮಾಡಿ. ಮೀಟರಿನ ಮೇಲೆ 3200 imp/kWh ಅಂತ ಬರೆದಿರುತ್ತದೆ (ಕೆಲವದರಲ್ಲಿ ಬೇರೆ ಸಂಖ್ಯೆ). ಒಂದು ಯೂನಿಟ್‌ಗೆ ಕೆಂಪು ದೀಪ ಅಷ್ಟು ಸಲ ಮಿಣುಕಬೇಕು. ಮನೆಯದ್ದೆಲ್ಲ ಆಫ್ ಮಾಡಿ, ಬಕೆಟ್ ನೀರಿಗೆ 1000 ವ್ಯಾಟಿನ ಹೀಟರ್ ರಾಡ್ ಮಾತ್ರ ಹಾಕಿ, ಒಂದು ನಿಮಿಷ ದೀಪದ ವಿಡಿಯೋ ಮಾಡಿ. ಸುಮಾರು 53 ಮಿಣುಕು ಬರಬೇಕು. ವೋಲ್ಟೇಜ್ ಏರಿಳಿತಕ್ಕೆ ಐದಾರು ಆಚೀಚೆ ಆದರೆ ಸರಿ. 80, 90 ಬಂದರೆ ಅನುಮಾನಕ್ಕೆ ಆಧಾರವಿದೆ. ಇಸ್ತ್ರಿ ಪೆಟ್ಟಿಗೆ ಬಳಸಬೇಡಿ, ಬಿಸಿಯಾದಾಗ ತಾನೇ ಕಟ್ ಆಗುತ್ತದೆ.

ಆನ್‌ಲೈನ್‌ನಲ್ಲಿ ಮಾರುವ 'ಕರೆಂಟ್ ಉಳಿಸುವ' ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ, ಸುಮ್ನೆ ದಂಡ. ಪರಿಚಯದ ಎಲೆಕ್ಟ್ರಿಷಿಯನ್ "ನಾನೇ ಬಿಚ್ಚಿ ನೋಡ್ತೀನಿ" ಅಂದರೂ ಸೀಲ್ ಮುಟ್ಟಲು ಬಿಡಬೇಡಿ. ಮೀಟರ್ ತಿರುಚಿದ್ದಾರೆ ಅಂತ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ನಿಮ್ಮ ಮೇಲೇ ಬಂದೀತು.

4. ದೂರು ಕೊಡಿ

1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ. ಅಷ್ಟಕ್ಕೇ ನಿಲ್ಲಿಸಬೇಡಿ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಂದರೆ ಎಇಇ ಅವರಿಗೆ ಪತ್ರ ಬರೆದು, ಲೆಕ್ಕದ ಹಾಳೆ ಮತ್ತು ಫೋಟೋಗಳ ಪ್ರಿಂಟ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಮೀಟರ್ ಪರೀಕ್ಷೆ ಮಾಡಿಸಿ, ಬಿಲ್ ಪರಿಷ್ಕರಿಸಿ ಅಂತ ಎರಡನ್ನೂ ಕೇಳಿ. ಪರೀಕ್ಷೆಗೆ ಶುಲ್ಕ ಕಟ್ಟಿದರೆ ರಸೀದಿ ಇಟ್ಟುಕೊಳ್ಳಿ.

ಅಲ್ಲಿಯವರೆಗೆ ಬಿಲ್ ಕಟ್ಟಬೇಕೇ? ಸುಮ್ಮನೆ ಬಿಟ್ಟರೆ ಫ್ಯೂಸ್ ಕೀಳುತ್ತಾರೆ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಿಲ್ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಶುಲ್ಕದ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆ ದಾಖಲಿಸಿ ಕಟ್ಟಿದರೆ, ವಿವಾದ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಈ ಸೆಕ್ಷನ್ ಸಂಖ್ಯೆಯನ್ನು ಪತ್ರದಲ್ಲೇ ಬರೆಯಿರಿ. ಶೂನ್ಯ ಬಿಲ್ ಬರುತ್ತಿದ್ದ ಮನೆಯವರು ಎಷ್ಟು ಕಟ್ಟಬೇಕು ಅನ್ನುವುದನ್ನು ಎಇಇ ಅವರಿಂದ ಬರಹದಲ್ಲೇ ತೆಗೆದುಕೊಳ್ಳಿ, ಬಾಯಿಮಾತು ಬೇಡ.

5. ಮೀಟರ್ ಬದಲಿಸಲು ಬಂದಾಗ

"ಹೊಸದು ಹಾಕಿಬಿಡ್ತೀವಿ" ಅಂದ ಕೂಡಲೇ ಖುಷಿಯಿಂದ ಒಪ್ಪಬೇಡಿ. ಹಳೇ ಮೀಟರೇ ನಿಮ್ಮ ಸಾಕ್ಷಿ. ಬಿಚ್ಚುವ ಮುಂಚೆ ಅದರ ಕೊನೇ ರೀಡಿಂಗ್, ನಂಬರ್, ಸೀಲ್ ಇವುಗಳ ಫೋಟೋ ತೆಗೆದು, ಬಂದವರ ಸಹಿ ಇರುವ ಚೀಟಿ ಪಡೆಯಿರಿ. ಪರೀಕ್ಷೆಯ ವರದಿ ಬರುವವರೆಗೆ ಅದನ್ನು ಗುಜರಿಗೆ ಹಾಕಬಾರದು ಅಂತ ಪತ್ರದಲ್ಲಿ ಸೇರಿಸಿ. ಈಗಿನ ಅನೇಕ ಮೀಟರ್‌ಗಳಲ್ಲಿ ಹಿಂದಿನ ತಿಂಗಳುಗಳ ರೀಡಿಂಗ್ ಒಳಗೇ ಉಳಿದಿರುತ್ತದೆ, ಅದನ್ನೂ ತೆಗೆದುಕೊಡಿ ಅಂತ ಕೇಳಿ. ಹೊಸ ಮೀಟರಿನ ಮೊದಲ ಅಂಕಿಯ ಫೋಟೋ ಮರೆಯಬೇಡಿ, ಮುಂದಿನ ಬಿಲ್ ಅಲ್ಲಿಂದಲೇ ಶುರುವಾಗಿದೆಯೇ ಅಂತ ನೋಡಬೇಕು.

ಉಪವಿಭಾಗದಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಿ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಆ ತೀರ್ಪೂ ಸರಿಯಿಲ್ಲ ಅನಿಸಿದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಎರಡೂ ಕಡೆ ಮೊದಲು ಕೇಳುವುದು ಸೀಲ್ ಬಿದ್ದ ನಿಮ್ಮ ಆ ಮೊದಲ ದೂರಿನ ಪ್ರತಿಯನ್ನೇ.